ಕೆಂಪು ಗೆರೆಗಿಂತ ಮೊದಲು

ಆಂಧ್ರದ ಗಡಿಯ ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ಮಕ್ಕಳಿದ್ದಾರೆ. ಅವರಿಗೆ ಇಂಗ್ಲಿಷ್ ಮೂರನೆಯ ನುಡಿ. ಅಂಥ ಮಗುವೊಂದು ಹೀಗೆ ಬರೆಯಿತು ಎನ್ನೋಣ: ‘ಮೈ ಫಾದರ್ ಫಾರ್ಮರ್. ಹೀ ಗ್ರೌಂಡ್‌ನಟ್ ಗ್ರೋ.’

ಇದು ಮಗುವಿನ ಅಲಕ್ಷ್ಯವಲ್ಲ. ‘ನಮ್ಮಪ್ಪ ರೈತ’ ಎನ್ನಲು ಕನ್ನಡಕ್ಕೂ ತೆಲುಗಿಗೂ ‘ಈಸ್’ ಬೇಕಿಲ್ಲ, ‘ಎ’ ಬೇಕಿಲ್ಲ. ಎರಡರಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ. ಮಗು ತನ್ನ ನುಡಿಯ ನಿಯಮವನ್ನೇ ಪಾಲಿಸಿದೆ.

ಎಲ್ಲದಕ್ಕೂ ಕೆಂಪು ಗೆರೆ ಎಳೆದರೆ, ನಾಳೆ ಮಗು ಬೋರ್ಡಿನ ಮೇಲಿನದ್ದನ್ನಷ್ಟೇ ನಕಲು ಮಾಡೀತು. ಮೊದಲು ಮಾತಿಗೆ ಮಾತು ಕೊಡಿ: ‘ಅಪ್ಪ ಕಡ್ಲೆಕಾಯಿ ಬೆಳೀತಾರಾ? ಈ ಸಲ ಬೆಳೆ ಹೇಗಿದೆ?’ ಬರೆದದ್ದು ತಲುಪಿತು ಎಂದು ಮಗುವಿಗೆ ತಿಳಿಯುತ್ತದೆ.

ಬಳಿಕ ಒಂದೇ ತಪ್ಪನ್ನು ಆರಿಸಿಕೊಳ್ಳಿ, ಪದಗಳ ಕ್ರಮ. ಎರಡನೆಯ ವಾಕ್ಯದ ಮೂರು ಪದಗಳನ್ನು ಮೂರು ಚೀಟಿಗಳಲ್ಲಿ ಬರೆದುಕೊಡಿ. ‘ಐ ಈಟ್ ಮ್ಯಾಂಗೋ’ ಎಂಬ ಮಾದರಿ ತೋರಿಸಿ, ಚೀಟಿಗಳನ್ನು ಮಗುವೇ ಜೋಡಿಸಲಿ. ‘ಗ್ರೋ’ ಪದ ನಡುವೆ ಬಂದರೆ ಇಂದಿಗೆ ಸಾಕು. ‘ಗ್ರೋಸ್’, ‘ಈಸ್’ ಇನ್ನೊಂದು ದಿನಕ್ಕಿರಲಿ.

ಕಲಿತಿತೇ ಎಂದು ತಿಳಿಯಲು, ಎರಡು ದಿನ ಬಿಟ್ಟು ಅಮ್ಮನ ಬಗ್ಗೆ ಒಂದು ವಾಕ್ಯ ಬರೆಸಿ. ಕ್ರಿಯಾಪದ ಮತ್ತೆ ಕೊನೆಗೆ ಹೋದರೆ ಗದರಬೇಡಿ, ಚೀಟಿಗಳನ್ನು ಮತ್ತೆ ತೆಗೆಯಿರಿ.

ಮೇಷ್ಟ್ರೇ, ಟೀಚರಮ್ಮ, ಇಂದು ನೋಟ್‌ಬುಕ್ ತೆರೆದಾಗ ಮೊದಲು ಮಗು ಏನು ಹೇಳಿದೆ ಎಂದು ಓದಿ.