ಮಿಂಚು ಮುಂದು, ಗುಡುಗು ಹಿಂದು

ಹವಾಮಾನ ವಾರ್ತೆಯಲ್ಲಿ ‘ಗುಡುಗು ಮಿಂಚು ಸಹಿತ ಮಳೆ’ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ನಮ್ಮ ಬಳಕೆಯ ನುಡಿಯಲ್ಲಿ ಗುಡುಗು ಮೊದಲು, ಮಿಂಚು ಆಮೇಲೆ. ಆಕಾಶದಲ್ಲಿ ಮಾತ್ರ ಈ ಕ್ರಮ ತಿರುಗುಮುರುಗು. ಅಲ್ಲಿ ಮಿಂಚು ಮೊದಲು ಕಾಣುತ್ತದೆ, ಗುಡುಗು ಆಮೇಲೆ ಕೇಳುತ್ತದೆ. ಕನ್ನಡದಲ್ಲಿ ಇದಕ್ಕೆ ಮೂರು ಮಾತುಗಳುಂಟು: ಕಣ್ಣಿಗೆ ಕಾಣುವುದು ಮಿಂಚು, ಕಿವಿಗೆ ಕೇಳುವುದು ಗುಡುಗು, ನೆಲಕ್ಕೆ ಬಡಿಯುವುದು ಸಿಡಿಲು. ಮೂರು ಹೆಸರುಗಳಿರುವುದರಿಂದ ಇವು ಮೂರು ಬೇರೆ ಬೇರೆ ಸಂಗತಿಗಳೆಂದು ಭಾವಿಸುವವರೂ ಇದ್ದಾರೆ. ಮಿಂಚಿನಿಂದ ಭಯವಿಲ್ಲ, ಸಿಡಿಲಿನಿಂದ ಮಾತ್ರ ಭಯ ಎಂದು ಹಳ್ಳಿಗಳಲ್ಲಿ ಹೇಳುವುದುಂಟು. ಆದರೆ ಒಂದೇ ಘಟನೆಗೆ ಕಣ್ಣು, ಕಿವಿ, ನೆಲ ಬೇರೆ ಬೇರೆಯಾಗಿ ಸಾಕ್ಷಿ ನುಡಿದಂತಿದೆ, ಅಷ್ಟೆ. ಆ ಘಟನೆ ಹೇಗೆ ಸಿದ್ಧವಾಗುತ್ತದೆ, ಅದರ ಒಂದು ಸಾಕ್ಷಿ ಏಕೆ ತಡವಾಗಿ ಬರುತ್ತದೆ ಎಂಬುದನ್ನು ಈ ಹೊತ್ತು ನೋಡೋಣ.

ನಮ್ಮ ಬಯಲುಸೀಮೆಯ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನವನ್ನು ನೆನೆಯಿರಿ. ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆ ಒಣಗುತ್ತಿವೆ. ನೆಲ ಕಾದಿದೆ, ಅದಕ್ಕೆ ತಾಗಿದ ಗಾಳಿ ಕಾದು ಹಗುರವಾಗಿ ಮೇಲೇರುತ್ತಿದೆ. ಮೇಲೇರಿದಂತೆ ಅದು ತಣಿಯುತ್ತದೆ, ಅದರಲ್ಲಿದ್ದ ನೀರಾವಿ ಹನಿಗಟ್ಟಿ ಮೋಡವಾಗುತ್ತದೆ. ಹತ್ತಿಯ ರಾಶಿಯಂತಿದ್ದ ಮೋಡ ನೋಡುನೋಡುತ್ತಿದ್ದಂತೆ ಗೋಪುರದ ಹಾಗೆ ಬೆಳೆಯುತ್ತದೆ. ನಮ್ಮ ಪ್ರದೇಶದಲ್ಲಿ ಸುಮಾರು 5 ಕಿಲೋಮೀಟರ್ ಎತ್ತರಕ್ಕೆ ಹೋದರೆ ಉಷ್ಣತೆ ಸೊನ್ನೆ ಡಿಗ್ರಿಗೆ ಇಳಿದಿರುತ್ತದೆ. ದೊಡ್ಡ ಗುಡುಗಿನ ಮೋಡದ ನೆತ್ತಿ ಅದಕ್ಕೂ ಮೇಲೆ, 12 ಕಿಲೋಮೀಟರನ್ನು ದಾಟಿಯೂ ಹೋಗಬಲ್ಲದು. ಎಂದರೆ, ಕೆಳಗೆ ನಾವು ಬೆವರುತ್ತಿರುವಾಗ ನಮ್ಮ ತಲೆಯ ಮೇಲಿನ ಮೋಡದ ಅರ್ಧಕ್ಕಿಂತ ಹೆಚ್ಚು ಭಾಗ ಹಿಮದ ಸೀಮೆಯಲ್ಲಿರುತ್ತದೆ. ಮಿಂಚಿನ ತವರು ಆ ಹಿಮದ ಸೀಮೆಯೇ.

ಅಲ್ಲಿ ಮೂರು ಬಗೆಯ ಕಣಗಳಿವೆ. ಮೊದಲನೆಯದು, ಸೊನ್ನೆಗಿಂತ ಕೆಳಗಿಳಿದರೂ ಹೆಪ್ಪುಗಟ್ಟದೆ ನೀರಾಗಿಯೇ ಉಳಿದ ಅತಿ ಸಣ್ಣ ಹನಿಗಳು. ಎರಡನೆಯದು, ಹಗುರವಾದ ಹಿಮದ ಹರಳುಗಳು. ಮೂರನೆಯದು, ಆಲಿಕಲ್ಲಿನ ಮರಿ ಎನ್ನಬಹುದಾದ ಮೆದು ಉಂಡೆಗಳು. ಈ ಉಂಡೆ ಬೀಳುವಾಗ ದಾರಿಯ ತಣ್ಣನೆಯ ಹನಿಗಳು ಅದಕ್ಕೆ ತಗುಲಿ ಒಡನೆ ಹೆಪ್ಪುಗಟ್ಟುತ್ತವೆ, ಉಂಡೆ ಬೆಳೆಯುತ್ತದೆ. ಮೇಲೇರುವ ಗಾಳಿ ಹಗುರವಾದ ಹರಳುಗಳನ್ನು ಎತ್ತಿಕೊಂಡು ಹೋಗುತ್ತದೆ. ತೂಕದ ಉಂಡೆಗಳು ಕೆಳಗಿಳಿಯುತ್ತವೆ, ಇಲ್ಲವೆ ಇದ್ದಲ್ಲೇ ತೂಗುತ್ತವೆ. ಏರುವ ಹರಳಿಗೂ ಇಳಿಯುವ ಉಂಡೆಗೂ ಡಿಕ್ಕಿಯಾಗುತ್ತದೆ. ತಾಗಿ ಸಿಡಿದು ದೂರವಾಗುವ ಆ ಕ್ಷಣದಲ್ಲಿ ಒಂದರಿಂದ ಇನ್ನೊಂದಕ್ಕೆ ಚೂರು ವಿದ್ಯುತ್ತು ದಾಟುತ್ತದೆ. ಹರಳು ಧನ ವಿದ್ಯುತ್ತನ್ನು ಹೊತ್ತು ಮೇಲೆ ಹೋಗುತ್ತದೆ, ಉಂಡೆ ಋಣ ವಿದ್ಯುತ್ತನ್ನು ಹೊತ್ತು ಕೆಳಗುಳಿಯುತ್ತದೆ. ಒಂದು ಡಿಕ್ಕಿಯಲ್ಲಿ ಸಿಗುವುದು ಅತ್ಯಲ್ಪ. ಆದರೆ ಅಸಂಖ್ಯ ಕಣಗಳು ಹತ್ತಿಪ್ಪತ್ತು ನಿಮಿಷ ಹೀಗೆ ಒರಸಾಡಿದಾಗ ಮೋಡದ ನೆತ್ತಿ ಧನದ ಕಣಜವಾಗುತ್ತದೆ, ನಡು ಋಣದ ಕಣಜವಾಗುತ್ತದೆ. ನಮ್ಮ ವಿಜ್ಞಾನ ಲೇಖಕರು ಇಂಥ ಸಂಗ್ರಹಕ್ಕೆ ‘ವಿದ್ಯುದಾವೇಶ’ ಎಂಬ ಮಾತನ್ನು ಬಳಸುತ್ತಾರೆ. ಮೈಮೇಲೆ ಬರುವ ಆವೇಶವನ್ನು ಬಲ್ಲ ನಮ್ಮ ಜನಕ್ಕೆ ಈ ಮಾತಿನ ಹೊಂದಿಕೆಯನ್ನು ವಿವರಿಸಬೇಕಾಗಿಲ್ಲ.

ಇದು ಸುಲಭವಾಗಿ ತಿಳಿದುಬಂದ ವಿಷಯವಲ್ಲ. ಇದರ ಹಿಂದೆ ಒಂದು ದೀರ್ಘ ವಾದವಿದೆ, ಅದರ ಒಂದು ತುದಿ ನಮ್ಮ ದೇಶದಲ್ಲೇ ಇದೆ. ಭಾರತದ ಹವಾಮಾನ ಇಲಾಖೆಯಲ್ಲಿದ್ದ ಜಾರ್ಜ್ ಸಿಂಪ್ಸನ್ ಶಿಮ್ಲಾದಲ್ಲಿ ಮಳೆಯ ನೀರನ್ನು ಹಿಡಿದು, ಅದು ಹೊತ್ತು ತಂದ ವಿದ್ಯುತ್ತನ್ನು ಅಳೆದರು. ಧನ ವಿದ್ಯುತ್ತೇ ಹೆಚ್ಚಾಗಿ ಕಂಡಿತು. ದೊಡ್ಡ ಹನಿಗಳು ಗಾಳಿಯ ಹೊಡೆತಕ್ಕೆ ಒಡೆಯುವಾಗ ನೀರಿಗೆ ಧನ, ಗಾಳಿಗೆ ಋಣ ಸೇರುತ್ತದೆ; ಆದ್ದರಿಂದ ಮೋಡದ ಬುಡವೇ ಧನ ಎಂದು ಅವರು 1909ರಲ್ಲಿ ಪ್ರತಿಪಾದಿಸಿದರು. ಇಂಗ್ಲೆಂಡಿನ ಸಿ. ಟಿ. ಆರ್. ವಿಲ್ಸನ್ ಅವರು ಮಿಂಚಿದಾಗ ನೆಲದ ಮೇಲೆ ಆಗುವ ವಿದ್ಯುತ್ ಬದಲಾವಣೆಯನ್ನು ದೂರದಿಂದ ಅಳೆದು, ಇಲ್ಲ, ಮೇಲೆ ಧನ, ಕೆಳಗೆ ಋಣ ಎಂದರು. ವಾದ ವರ್ಷಗಟ್ಟಲೆ ನಡೆಯಿತು. ಕೊನೆಗೆ ಸಿಂಪ್ಸನ್ನರೇ ಸ್ಕ್ರೇಸ್ ಎಂಬ ಸಹೋದ್ಯೋಗಿಯೊಡನೆ ಲಂಡನ್ ಬಳಿಯ ಕ್ಯೂ ವೀಕ್ಷಣಾಲಯದಿಂದ ಗುಡುಗಿನ ಮೋಡಗಳೊಳಕ್ಕೆ ಬಲೂನುಗಳನ್ನು ಹಾರಿಸಿದರು. 1937ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ತಮ್ಮ ಹಳೆಯ ವಾದಕ್ಕೆ ತಾವೇ ಹಾಕಿದ ತಿದ್ದುಪಡಿಯಾಗಿತ್ತು: ನೆತ್ತಿಯಲ್ಲಿ ಧನ, ನಡುವೆ ಋಣ, ಬುಡದಲ್ಲಿ ಮಾತ್ರ ಒಂದು ಚಿಕ್ಕ ಧನದ ತುಣುಕು. ವಿಲ್ಸನ್ನರ ಮಾತೂ ನಿಂತಿತು, ಶಿಮ್ಲಾದ ಮಳೆಯೂ ಸುಳ್ಳಾಡಿರಲಿಲ್ಲ.

ಆ ಚಿಕ್ಕ ಧನದ ತುಣುಕು ಎಲ್ಲಿಂದ ಬಂತು? ಇದಕ್ಕೆ ಮುಖ್ಯವಾದ ಉತ್ತರ ಹಿಮದ ಡಿಕ್ಕಿಗಳಿಂದಲೇ ದೊರಕಿತು. ಜಪಾನಿನ ತಕಹಾಶಿ ಅವರು ಪ್ರಯೋಗಶಾಲೆಯ ಶೀತಲ ಕೋಣೆಯಲ್ಲಿ ಉಂಡೆ ಹರಳುಗಳ ಡಿಕ್ಕಿಯನ್ನು ಏರ್ಪಡಿಸಿ ನೋಡಿದ ಫಲಿತಾಂಶ 1978ರಲ್ಲಿ ಹೊರಬಂತು. ಸೊನ್ನೆಗಿಂತ ಸುಮಾರು ಹತ್ತು ಹದಿನೈದು ಡಿಗ್ರಿ ಕೆಳಗಿನ ಒಂದು ಗಡಿಯಿದೆ. ಅದಕ್ಕಿಂತ ಹೆಚ್ಚು ತಣ್ಣಗಿರುವಲ್ಲಿ ಉಂಡೆಗೆ ಋಣ ಸೇರುತ್ತದೆ. ಅದಕ್ಕಿಂತ ಬೆಚ್ಚಗಿರುವಲ್ಲಿ ಸಾಮಾನ್ಯವಾಗಿ ಉಂಡೆಗೆ ಧನ ಸೇರುತ್ತದೆ. ಗಡಿ ಎಲ್ಲಿ ಬೀಳುತ್ತದೆಂಬುದು ಅಲ್ಲಿರುವ ನೀರಹನಿಗಳ ಪ್ರಮಾಣವನ್ನೂ ಅವಲಂಬಿಸಿದೆ. ಹೀಗೆ ಒಂದೇ ಬಗೆಯ ಡಿಕ್ಕಿ ಮೇಲೊಂದು ಫಲವನ್ನೂ ಕೆಳಗೊಂದು ಫಲವನ್ನೂ ಕೊಡುತ್ತದೆ. ಆ ಕ್ಷಣದ ಸ್ಪರ್ಶದಲ್ಲಿ ಹಿಮದ ಮೇಲ್ಮೈಯಲ್ಲಿ ನಡೆಯುವುದೇನು ಎಂಬುದು ಮಾತ್ರ ಇಂದಿಗೂ ಚರ್ಚೆಯಲ್ಲಿರುವ ವಿಷಯ.

ಕಣಜ ತುಂಬಿತು, ಇನ್ನು ಅದು ಒಡೆಯಬೇಕು. ಮಿಂಚುಗಳಲ್ಲಿ ಬಹುಪಾಲು ಮೋಡದೊಳಗೇ, ಧನ ಋಣಗಳ ನಡುವೆಯೇ ಮುಗಿದುಹೋಗುತ್ತವೆ. ನೆಲಕ್ಕೆ ಬರುವ ಮಿಂಚು ಒಮ್ಮೆಗೇ ಧುಮುಕುವುದಿಲ್ಲ. ಮೋಡದ ನಡುವಿನ ಋಣ ವಿದ್ಯುತ್ತು ಸುಮಾರು 50 ಮೀಟರಿನ ಒಂದೊಂದು ಹೆಜ್ಜೆಯಿಡುತ್ತಾ, ಪ್ರತಿ ಹೆಜ್ಜೆಗೂ ಒಂದಿಷ್ಟು ತಡೆದು, ಕವಲೊಡೆಯುತ್ತಾ ದಾರಿ ಹುಡುಕಿಕೊಂಡು ಇಳಿಯುತ್ತದೆ. ಇಷ್ಟಾಗಲು ಒಂದು ಸೆಕೆಂಡಿನ ಕೆಲವು ನೂರರ ಭಾಗ ಸಾಕು. ಅದು ನೆಲವನ್ನು ಸಮೀಪಿಸಿದಾಗ ತೆಂಗಿನ ಸುಳಿಯಿಂದಲೋ ಗುಡಿಯ ಕಳಶದಿಂದಲೋ ಬಯಲಿನಲ್ಲಿ ನಿಂತವನ ತಲೆಯಿಂದಲೋ ಧನ ವಿದ್ಯುತ್ತಿನ ಒಂದು ಎಳೆ ಮೇಲೆದ್ದು ಅದನ್ನು ಎದುರುಗೊಳ್ಳುತ್ತದೆ. ಎರಡೂ ಕೂಡಿದ ಕ್ಷಣ ದಾರಿ ತೆರೆಯಿತು. ಆ ದಾರಿಯಲ್ಲಿ 30,000 ಆಂಪಿಯರಿನಷ್ಟು ವಿದ್ಯುತ್ ಪ್ರವಾಹ ಹರಿಯುತ್ತದೆ, ಬೆಳಕು ನೆಲದ ಕಡೆಯಿಂದ ಮೇಲಕ್ಕೆ ಓಡುತ್ತದೆ. ಇದೇ ನಾವು ಕಾಣುವ ಝಗ್ಗೆನ್ನುವ ಮಿಂಚು. ಅದೇ ದಾರಿಯಲ್ಲಿ ಮೂರು ನಾಲ್ಕು ಸಲ ಪ್ರವಾಹ ಮರುಕಳಿಸುವುದರಿಂದ ಮಿಂಚು ಕಣ್ಣಿಗೆ ನಡುಗಿದಂತೆ ತೋರುತ್ತದೆ.

ಈ ದಾರಿಯ ದಪ್ಪ ಹೆಬ್ಬೆರಳಿನಷ್ಟೇ ಇರಬಹುದು. ಆದರೆ ಅದರೊಳಗಿನ ಗಾಳಿ ಕಣ್ಣೆವೆಯಿಕ್ಕುವ ಕಾಲದ ಸಾವಿರದ ಒಂದಂಶಕ್ಕೂ ಮೊದಲೇ ಸುಮಾರು 30,000 ಡಿಗ್ರಿಗೆ ಕಾಯುತ್ತದೆ. ಸೂರ್ಯನ ಮೇಲ್ಮೈಗಿಂತ ಐದು ಪಟ್ಟು ಬಿಸಿ. ಅಷ್ಟು ಅವಸರದಲ್ಲಿ ಕಾದ ಗಾಳಿಗೆ ಹಿಗ್ಗಲು ಎಡೆಯೆಲ್ಲಿ? ಅದು ಸುತ್ತಲಿನ ಗಾಳಿಯನ್ನು ಸ್ಫೋಟದಂತೆ ತಳ್ಳುತ್ತದೆ. ಆ ತಳ್ಳಾಟವೇ ಅಲೆಯಾಗಿ ಹರಡಿ ಗುಡುಗೆನಿಸಿಕೊಳ್ಳುತ್ತದೆ. ಮೋಡಗಳು ಒಂದಕ್ಕೊಂದು ಬಡಿದು ಗುಡುಗುತ್ತವೆ ಎಂಬ ಮಾತು ಇನ್ನೂ ಕೇಳಿಬರುತ್ತದೆ. ಮೋಡ ಬಡಿಯುವುದಿಲ್ಲ, ಮಿಂಚು ಹಾದ ದಾರಿಯೇ ಗುಡುಗುವುದು.

ಹಾಗಾದರೆ ಒಟ್ಟಿಗೆ ಹುಟ್ಟಿದ ಇವೆರಡರಲ್ಲಿ ಒಂದು ಹಿಂದುಳಿಯುವುದೇಕೆ? ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ. ನಮ್ಮ ಲೆಕ್ಕಕ್ಕೆ ಅದು ಹೊರಟೊಡನೆ ತಲುಪಿದಂತೆಯೇ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಮಾತ್ರ ನಡೆಯುತ್ತದೆ, ಅಂದರೆ ಒಂದು ಕಿಲೋಮೀಟರಿಗೆ ಮೂರು ಸೆಕೆಂಡು. ಮಿಂಚು ಕಂಡ ಆರು ಸೆಕೆಂಡಿನ ಮೇಲೆ ಗುಡುಗು ಮೊದಲಾಯಿತೆನ್ನಿ. ಮಿಂಚಿನ ದಾರಿಯಲ್ಲಿ ನಮಗೆ ಎಲ್ಲಕ್ಕಿಂತ ಹತ್ತಿರವಿದ್ದ ಭಾಗ 2 ಕಿಲೋಮೀಟರ್ ದೂರದಲ್ಲಿತ್ತು. ಆ ಗುಡುಗು ಇನ್ನೂ ಹನ್ನೆರಡು ಸೆಕೆಂಡು ಉರುಳಿತೆನ್ನಿ. ಕೊನೆಯ ಸದ್ದು ಹದಿನೆಂಟು ಸೆಕೆಂಡು ನಡೆದು ಬಂದಿದೆ; ಎಂದರೆ ದಾರಿಯ ಇನ್ನೊಂದು ತುದಿ ಸುಮಾರು 6 ಕಿಲೋಮೀಟರ್ ಆಚೆಗೆ, ಮೋಡದೊಳಗೆ ಚಾಚಿತ್ತು. ಮಿಂಚು ಕ್ಷಣಿಕ, ಗುಡುಗು ದೀರ್ಘ ಎಂಬುದರ ಗುಟ್ಟು ಇಷ್ಟೇ. ಉದ್ದನೆಯ ದಾರಿಯೆಲ್ಲ ಒಮ್ಮೆಗೇ ಕೂಗಿದೆ, ಹತ್ತಿರದ ಕೂಗು ಮೊದಲು, ದೂರದ ಕೂಗು ಕಡೆಗೆ ನಮ್ಮನ್ನು ಮುಟ್ಟುತ್ತದೆ. ಬೆಟ್ಟಗಳ ಮರುದನಿ ಇದಕ್ಕೆ ಕೂಡಿಕೊಳ್ಳುತ್ತದೆ. ತೀರ ಹತ್ತಿರ ಬಿದ್ದರೆ ಉರುಳಾಟಕ್ಕೆ ಮುನ್ನ ಚಟಾರನೆ ಒಂದು ಸೀಳು ದನಿ ಕೇಳುತ್ತದೆ.

ರಾತ್ರಿಯ ಹೊತ್ತು ದಿಗಂತದಲ್ಲಿ ಸದ್ದಿಲ್ಲದ ಮಿಂಚನ್ನು ನೋಡಿರುತ್ತೀರಿ. ಅದೂ ಗುಡುಗುವ ಮಿಂಚೇ. ಶಬ್ದ ಬೆಚ್ಚನೆಯ ಗಾಳಿಯಲ್ಲಿ ಬೇಗ, ತಣ್ಣನೆಯ ಗಾಳಿಯಲ್ಲಿ ನಿಧಾನ. ನೆಲದ ಬಳಿ ಬಿಸಿ, ಮೇಲೆ ತಂಪು ಇರುವಾಗ ಅಲೆಯ ಕೆಳಭಾಗ ಮುಂದಾಗುತ್ತದೆ, ಇಡೀ ಅಲೆ ಮೇಲಕ್ಕೆ ಬಾಗುತ್ತದೆ. ಹದಿನೈದು ಇಪ್ಪತ್ತು ಕಿಲೋಮೀಟರ್ ಆಚೆಯ ಗುಡುಗು ಸಾಮಾನ್ಯವಾಗಿ ನಮ್ಮ ತಲೆಯ ಮೇಲೆಯೇ ಹಾದುಹೋಗುತ್ತದೆ.

ಇದರಿಂದ ಒಂದು ಮಾತು ಸಿದ್ಧವಾಯಿತು. ಗುಡುಗು ಕೇಳಿಸಿತೆಂದರೆ ಮಿಂಚಿನ ಮೋಡ ದೂರವಿಲ್ಲ. ಗುಡುಗಿದಾಗ ಅರ್ಜುನನ ಹತ್ತು ಹೆಸರುಗಳನ್ನು ಹೇಳಿಕೊಳ್ಳುವ ವಾಡಿಕೆ ನಮ್ಮಲ್ಲಿದೆ. ಅದನ್ನು ಗುಡುಗಿಗೆ ಕಾಯದೆ ಮಿಂಚು ಕಂಡೊಡನೆ ಆರಂಭಿಸಿ, ಸೆಕೆಂಡಿಗೊಂದು ಹೆಸರಿನಂತೆ ಹೇಳಿದರೆ ಗಡಿಯಾರವಿಲ್ಲದ ಲೆಕ್ಕವೊಂದು ದೊರೆಯುತ್ತದೆ. ಹತ್ತು ಹೆಸರು ಮುಗಿಯುವುದರೊಳಗೆ ಗುಡುಗಿದರೆ ಮಿಂಚು ಮೂರೂವರೆ ಕಿಲೋಮೀಟರಿನೊಳಗೆ. ಮೂರಾವರ್ತಿ ಹೇಳುವುದರೊಳಗೆ ಗುಡುಗಿದರೆ ಸುಮಾರು ಹತ್ತು ಕಿಲೋಮೀಟರಿನೊಳಗೆ. ಈ ಎರಡನೆಯ ಅಂತರವೇ ಅಪಾಯದ ಗಡಿ; ಏಕೆಂದರೆ ಮೋಡದ ಬದಿಯಿಂದ ಹೊರಟ ಸಿಡಿಲು ಮಳೆಯಿಲ್ಲದ ಊರಿನ ಮೇಲೂ ಅಷ್ಟು ದೂರ ಬಂದು ಬೀಳಬಲ್ಲದು. ಎಣಿಕೆ ಹೇಳುವುದು ಹಿಂದಿನ ಸಿಡಿಲು ಎಲ್ಲಿ ಬಿತ್ತೆಂಬುದನ್ನು, ಮುಂದಿನದು ಎಲ್ಲಿ ಬೀಳುವುದೆಂಬುದನ್ನಲ್ಲ. ಸಂಡಿಗೆಯನ್ನು ಮಾಳಿಗೆಯಲ್ಲೇ ಬಿಟ್ಟು ಒಳಗೆ ಬನ್ನಿ. ಬಯಲಿನಲ್ಲಿದ್ದರೆ ಮರದಡಿ ನಿಲ್ಲಬೇಡಿ. ಮರವನ್ನು ಹೊಡೆದ ಸಿಡಿಲು ಕಾಂಡದಿಂದ ಪಕ್ಕದ ಮನುಷ್ಯನಿಗೆ ಹಾರುತ್ತದೆ. ಮನೆಯೊಳಗೋ ಬಾಗಿಲು ಮುಚ್ಚಿದ ಮೋಟಾರಿನೊಳಗೋ ಸೇರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವ ತನಕ ಹೊರಗೆ ಬರಬೇಡಿ. ನಮಗೆ ಕೇಳಿಸಿದ ಗುಡುಗಿನ ಸಿಡಿಲು ಆಗಲೇ ಎಲ್ಲೋ ಬಿದ್ದಾಗಿದೆ. ಹುಷಾರಾಗಬೇಕಾದದ್ದು, ಮೋಡದಲ್ಲಿ ಇನ್ನೂ ಸಿದ್ಧವಾಗುತ್ತಿರುವ ಮುಂದಿನ ಸಿಡಿಲಿಗೆ.