ಬ್ಯಾಕ್ಟೀರಿಯಾದ ಗುರುತು: ಪ್ರೋಟೀನಿನ ತೂಕವೂ ಮಾದರಿಗಳ ಸಂಗ್ರಹವೂ

ರೋಗಿಯ ರಕ್ತದಲ್ಲಿ ಅಥವಾ ಕೀವಿನಲ್ಲಿ ಕಂಡುಬಂದ ಬ್ಯಾಕ್ಟೀರಿಯಾ ಯಾವ ಜಾತಿಯದೆಂದು ತಿಳಿಯಲು, ಅದು ಯಾವ ಸಕ್ಕರೆಯನ್ನು ಬಳಸಿಕೊಳ್ಳುತ್ತದೆ, ಯಾವ ಕಿಣ್ವವನ್ನು ತಯಾರಿಸುತ್ತದೆ ಎಂಬ ಪರೀಕ್ಷೆಗಳನ್ನು ನಡೆಸಿ ಫಲಿತಾಂಶಕ್ಕಾಗಿ ಒಂದೆರಡು ದಿನ ಕಾಯುವುದು ಪ್ರಯೋಗಾಲಯಗಳ ಹಳೆಯ ರೂಢಿಯಾಗಿತ್ತು. ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸುವ ಕೆಲಸ ಇಂದಿಗೂ ತಪ್ಪಿಲ್ಲವಾದರೂ, ಬೆಳೆದ ಮೇಲೆ ಅದರ ಹೆಸರನ್ನು ಕೆಲವೇ ನಿಮಿಷಗಳಲ್ಲಿ ಸೂಚಿಸುವ ಮಾಲ್ಡಿ-ಟಾಫ್ ಎಂಬ ಉಪಕರಣ ಈಗ ದೊಡ್ಡ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿದೆ. ಇದು ಮಾಸ್ ಸ್ಪೆಕ್ಟ್ರೋಮೆಟ್ರಿಯ, ಅಂದರೆ ಅಣುಗಳ ದ್ರವ್ಯರಾಶಿಯನ್ನು ಅಳೆಯುವ ವಿಧಾನದ, ಒಂದು ಪ್ರಕಾರ.

ತಟ್ಟೆಯಲ್ಲಿ ಬೆಳೆದ ಕಾಲನಿಯಿಂದ, ಅಂದರೆ ಬ್ಯಾಕ್ಟೀರಿಯಾದ ಸಣ್ಣ ಗುಂಪಿನಿಂದ, ಕಡ್ಡಿಯ ತುದಿಗೆ ಹತ್ತಿದಷ್ಟನ್ನು ತೆಗೆದು ಲೋಹದ ಫಲಕದ ಮೇಲೆ ತೆಳುವಾಗಿ ಸವರಲಾಗುತ್ತದೆ. ಅದರ ಮೇಲೆ ಒಂದು ಮೈಕ್ರೋಲೀಟರಿನಷ್ಟು ಮ್ಯಾಟ್ರಿಕ್ಸ್ ದ್ರಾವಣವನ್ನು ಹಾಕಿದಾಗ ಅದರಲ್ಲಿರುವ ಆಮ್ಲ ಮತ್ತು ದ್ರಾವಕಗಳು ಜೀವಕೋಶವನ್ನು ಒಡೆದು ಪ್ರೋಟೀನುಗಳನ್ನು ಹೊರಗೆಡಹುತ್ತವೆ. ದ್ರಾವಣ ಒಣಗಿದಂತೆ ಆ ಪ್ರೋಟೀನುಗಳು ಮ್ಯಾಟ್ರಿಕ್ಸಿನ ಹರಳುಗಳಲ್ಲಿ ಸೇರಿಕೊಳ್ಳುತ್ತವೆ. ನಿರ್ವಾತದಲ್ಲಿ ಲೇಸರ್ ಕಿರಣ ಬಿದ್ದಾಗ ಅದರ ಶಕ್ತಿಯನ್ನು ಹರಳು ಹೀರಿಕೊಳ್ಳುವುದರಿಂದ ಪ್ರೋಟೀನುಗಳು ಚೂರಾಗದೆ, ಒಂದು ಧನ ವಿದ್ಯುದಂಶವನ್ನು ಪಡೆದು ಮೇಲೇಳುತ್ತವೆ. ಸುಮಾರು 20,000 ವೋಲ್ಟಿನ ಸೆಳೆತಕ್ಕೆ ಸಿಕ್ಕಿದ ಈ ಅಣುಗಳು ಒಂದು ಕೊಳವೆಯೊಳಗೆ ಹಾರುವಾಗ ಹಗುರವಾದವು ಮೊದಲು, ಭಾರವಾದವು ತಡವಾಗಿ ಕೊನೆ ಮುಟ್ಟುತ್ತವೆ. ನಾಲ್ಕು ಪಟ್ಟು ಭಾರದ ಅಣುವಿಗೆ ಎರಡು ಪಟ್ಟು ಸಮಯ ಬೇಕಾಗುವುದರಿಂದ, ಹಾರಾಟದ ಕಾಲವನ್ನು ಅಳೆದರೆ ತೂಕವನ್ನು ಲೆಕ್ಕ ಹಾಕಬಹುದು.

ಹೀಗೆ ದೊರೆಯುವ ರೇಖಾಚಿತ್ರದಲ್ಲಿ 2,000 ರಿಂದ 20,000 ಡಾಲ್ಟನ್‌ವರೆಗಿನ ಏರುಗೆರೆಗಳು ಮಾತ್ರ ಗುರುತಿನ ಕೆಲಸಕ್ಕೆ ಬರುತ್ತವೆ. ಡಾಲ್ಟನ್ ಎಂಬುದು ಹೆಚ್ಚುಕಡಿಮೆ ಒಂದು ಜಲಜನಕ ಪರಮಾಣುವಿನ ತೂಕ. ಈ ಗೆರೆಗಳಲ್ಲಿ ಬಹುಪಾಲು ರೈಬೋಸೋಮಿನ, ಅಂದರೆ ಜೀವಕೋಶದಲ್ಲಿ ಪ್ರೋಟೀನನ್ನು ಕಟ್ಟುವ ಯಂತ್ರಾಂಗದ, ಪ್ರೋಟೀನುಗಳಿಂದ ಬಂದವು. ಅವು ಹೇರಳವಾಗಿರುತ್ತವೆ, ಆಹಾರ ಬದಲಾದರೂ ತಯಾರಾಗುತ್ತಲೇ ಇರುತ್ತವೆ. ಜೊತೆಗೆ ಅವುಗಳಲ್ಲಿ ಒಂದು ಅಮೈನೋ ಆಮ್ಲ ಬದಲಾದರೂ ಗೆರೆ ಸಾಮಾನ್ಯವಾಗಿ ಪಕ್ಕಕ್ಕೆ ಸರಿಯುವುದರಿಂದ, ಆ ಗೆರೆಗಳ ವಿನ್ಯಾಸ ಜಾತಿಯ ಬೆರಳಚ್ಚಿನಂತೆ ಉಪಯೋಗಕ್ಕೆ ಬರುತ್ತದೆ.

ಬಯೋಟೈಪರ್ ಎಂಬ ವ್ಯವಸ್ಥೆಯಲ್ಲಿ ಈ ವಿನ್ಯಾಸವನ್ನು, ಹೆಸರು ತಿಳಿದಿರುವ ಬ್ಯಾಕ್ಟೀರಿಯಾಗಳ ವಿನ್ಯಾಸಗಳ ಸಂಗ್ರಹದಲ್ಲಿನ ಪ್ರತಿಯೊಂದು ಮಾದರಿಯೊಂದಿಗೂ ಹೋಲಿಸಿ ಮೂರು ಸಂಗತಿಗಳನ್ನು ಅಳೆಯಲಾಗುತ್ತದೆ: ಪರೀಕ್ಷೆಯ ಗೆರೆಗಳಲ್ಲಿ ಎಷ್ಟು ಪಾಲು ಮಾದರಿಯಲ್ಲಿವೆ, ಮಾದರಿಯ ಗೆರೆಗಳಲ್ಲಿ ಎಷ್ಟು ಪಾಲು ಪರೀಕ್ಷೆಯಲ್ಲಿ ಕಂಡಿವೆ, ಅವುಗಳ ಎತ್ತರಗಳು ಎಷ್ಟರಮಟ್ಟಿಗೆ ಹೊಂದುತ್ತವೆ. ಇವುಗಳನ್ನು ಸೇರಿಸಿ 0 ಮತ್ತು 3 ರ ನಡುವಿನ ಒಂದು ಅಂಕವನ್ನು ನೀಡಲಾಗುತ್ತದೆ. ಸಾಮಾನ್ಯವಾಗಿ ಅಂಕ 2.0 ಅಥವಾ ಅದಕ್ಕೂ ಮೇಲಿದ್ದರೆ ಜಾತಿಯ ಹೆಸರನ್ನು, 1.7 ಕ್ಕಿಂತ ಕಡಿಮೆಯಾಗದೆ 2.0 ರ ಒಳಗಿದ್ದರೆ ಕುಲದ ಹೆಸರನ್ನು ಮಾತ್ರ ಒಪ್ಪಲಾಗುತ್ತದೆ. ಅದಕ್ಕೂ ಕೆಳಗಿದ್ದರೆ ಫಲಿತಾಂಶವನ್ನು ನೆಚ್ಚುವಂತಿಲ್ಲ. ಹಳಸಿದ ಕಾಲನಿ ಅಥವಾ ದಪ್ಪಗೆ ಸವರಿದ ಲೇಪದಿಂದ ಅಂಕ ಇಳಿದಾಗ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದರೆ ದೋಷ ಗೊತ್ತಾಗುತ್ತದೆ.

ಅಂಕ ಹೆಚ್ಚಿದ್ದೂ ಹೆಸರು ತಪ್ಪಾಗುವ ಸಂದರ್ಭ ಇದಕ್ಕಿಂತ ಕಠಿಣವಾದದ್ದು. ಕರ್ನಾಟಕದ ಕರಾವಳಿಯಲ್ಲಿಯೂ ಕಂಡುಬರುವ ಮೆಲಿಯಾಯ್ಡೋಸಿಸ್ ಎಂಬ ಮಾರಕ ಸೋಂಕಿಗೆ ಕಾರಣ, ಮಣ್ಣು ಮತ್ತು ನೀರಿನಲ್ಲಿ ಬದುಕುವ ಬರ್ಕೋಲ್ಡೇರಿಯಾ ಸ್ಯೂಡೋಮಲ್ಲೈ. ಜೈವಿಕ ಅಸ್ತ್ರವಾಗಬಹುದೆಂಬ ಶಂಕೆಯಿಂದ ಅದರ ಮಾದರಿಗಳನ್ನು ಪ್ರತ್ಯೇಕ ಸಂಗ್ರಹದಲ್ಲಿ ಇಟ್ಟಿದ್ದುದರಿಂದ, ಸಾಮಾನ್ಯ ಸಂಗ್ರಹವನ್ನಷ್ಟೇ ಹೊಂದಿದ್ದ ಉಪಕರಣಗಳು ಅದನ್ನು ಹತ್ತಿರದ ಸಂಬಂಧಿಯಾದ ಬರ್ಕೋಲ್ಡೇರಿಯಾ ಥೈಲ್ಯಾಂಡೆನ್ಸಿಸ್ ಎಂದು ಹೆಸರಿಸಿದ ಪ್ರಕರಣಗಳು ವರದಿಯಾಗಿವೆ. ಎರಡು ಜಾತಿಗಳಲ್ಲಿ ಅನೇಕ ರೈಬೋಸೋಮ್ ಪ್ರೋಟೀನುಗಳು ಒಂದೇ ತೂಕದವಾದ್ದರಿಂದ ಹೊಂದಾಣಿಕೆ ಸಹಜವಾಗಿಯೇ ಹೆಚ್ಚು. ಅಂಕವು ಸಂಗ್ರಹದಲ್ಲಿರುವ ಅತಿ ಸಮೀಪದ ಮಾದರಿಯೊಡನೆ ಇರುವ ಹೋಲಿಕೆಯನ್ನು ಹೇಳುತ್ತದೆಯೇ ಹೊರತು, ಅದಕ್ಕಿಂತ ಸಮೀಪದ ಜಾತಿಯೊಂದು ಸಂಗ್ರಹದ ಹೊರಗೆ ಉಳಿದಿದೆ ಎಂಬುದನ್ನು ಹೇಳಲಾರದು.

ಥೈಲ್ಯಾಂಡೆನ್ಸಿಸ್ ಮನುಷ್ಯರಲ್ಲಿ ರೋಗವನ್ನುಂಟುಮಾಡುವುದು ತೀರ ಅಪರೂಪ. ಆದ್ದರಿಂದ ರೋಗಿಯ ರಕ್ತದಲ್ಲಿ ಅದು ಸಿಕ್ಕಿತೆಂಬ ವರದಿಯೇ ಸಂಶಯಕ್ಕೆ ಕಾರಣವಾಗಬೇಕು. ಆಗ ಅರಾಬಿನೋಸ್ ಎಂಬ ಸಕ್ಕರೆಯ ಪರೀಕ್ಷೆ ನೆರವಾಗುತ್ತದೆ: ಥೈಲ್ಯಾಂಡೆನ್ಸಿಸ್ ಅದನ್ನು ಬಳಸಿಕೊಳ್ಳುತ್ತದೆ, ಸ್ಯೂಡೋಮಲ್ಲೈ ಸಾಮಾನ್ಯವಾಗಿ ಬಳಸಿಕೊಳ್ಳುವುದಿಲ್ಲ. ನಂತರ ಸ್ಯೂಡೋಮಲ್ಲೈಯದೇ ಜೀನನ್ನು ಹುಡುಕುವ ಪಿಸಿಆರ್ ಪರೀಕ್ಷೆಯಿಂದ ಗುರುತನ್ನು ಖಚಿತಪಡಿಸಬಹುದು. ಮೆಲಿಯಾಯ್ಡೋಸಿಸ್‌ನ ಚಿಕಿತ್ಸೆಯು ಮೊದಲು ಸೆಫ್ಟಾಜಿಡೀಮ್ ಅಥವಾ ಮೆರೊಪೆನೆಮ್ ಚುಚ್ಚುಮದ್ದಿನಿಂದ ಆರಂಭವಾಗಿ ತಿಂಗಳುಗಟ್ಟಲೆ ಮಾತ್ರೆಗಳಿಂದ ಮುಂದುವರಿಯಬೇಕಾದ್ದರಿಂದ, ಈ ರೋಗವಿರುವ ಪ್ರದೇಶದ ಪ್ರಯೋಗಾಲಯವು ತನ್ನ ಸಂಗ್ರಹಕ್ಕೆ ಸ್ಯೂಡೋಮಲ್ಲೈಯ ಮಾದರಿಗಳನ್ನು ಸೇರಿಸಿಕೊಳ್ಳುವುದು ಅಗತ್ಯ. ಅಲ್ಲಿಯವರೆಗೆ ಬರ್ಕೋಲ್ಡೇರಿಯಾ ಕುಲದ ಪ್ರತಿಯೊಂದು ಫಲಿತಾಂಶವನ್ನೂ ಮತ್ತೊಂದು ವಿಧಾನದಿಂದ ಪರಿಶೀಲಿಸಿಯೇ ವೈದ್ಯರಿಗೆ ತಿಳಿಸಬೇಕಾಗುತ್ತದೆ.