ನುಸಿಗುಳಿಗೆ, ಕರ್ಪೂರ, ಬೇವು: ಮೂರನ್ನೂ ಒಂದೇ ಟ್ರಂಕಿಗೆ ಹಾಕಬೇಡಿ

ಇವತ್ತು ಸೀರೆ ಟ್ರಂಕಿನ ವಿಷಯ ಮಾತಾಡೋಣ. ನಮ್ಮ ಕೋಪರಖೈರಣೆಯಲ್ಲಿ ಅಂಗಡಿಗೆ ಹೋಗಿ 'ನುಸಿಗುಳಿಗೆ ಕೊಡಿ' ಅಂದ್ರೆ ಯಾರಿಗೂ ಗೊತ್ತಾಗಲ್ಲ, 'ಡಾಂಬರ್ ಗೋಳಿ' ಅನ್ನಬೇಕು. ಆ ಹೆಸರೇ ಸರಿಯಾಗಿದೆ. ನಾಫ್ತಲೀನ್ ಬರೋದೇ ಕಲ್ಲಿದ್ದಲಿನ ಡಾಂಬರಿನಿಂದ.

ನಮ್ಮ ಸೆಕ್ಟರಿನಲ್ಲಿ ಬಾಗಲಕೋಟೆ ಕಡೆಯ ಒಬ್ಬ ಅಕ್ಕೋರಿದ್ದಾರೆ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ, ರೇಷ್ಮೆ ಸೀರೆಗಳನ್ನು ಟ್ರಂಕಿಗೆ ಹಾಕಿದರು. ಎರಡೂ ಇದ್ರೆ ಒಳ್ಳೇದು ಅಂತ ನಾಲ್ಕು ನುಸಿಗುಳಿಗೆ, ನಾಲ್ಕು ಪೂಜೆ ಕರ್ಪೂರ ಸೇರಿಸಿ ಒಂದೇ ಕರ್ಚೀಫಿನಲ್ಲಿ ಗಂಟು ಕಟ್ಟಿ ಮೇಲಿನ ಸೀರೆ ಮೇಲೆ ಇಟ್ಟರು. ಗಣಪತಿ ಹಬ್ಬಕ್ಕೆ ತೆಗೆದಾಗ ಗಂಟು ಚಪ್ಪಟೆಯಾಗಿತ್ತು, ಸೀರೆ ಮೇಲೆ ಅಂಗೈಯಗಲ ಎಣ್ಣೆ ಕಲೆ. ಯಾರೋ ಎಣ್ಣೆ ಚೆಲ್ಲಿದ್ದಾರೆ ಅಂದುಕೊಂಡರು. ಎಣ್ಣೆ ಯಾರೂ ಚೆಲ್ಲಿರಲಿಲ್ಲ.

ನಾಫ್ತಲೀನ್ ಒಂದೇ ಇದ್ರೆ ಕರಗೋಕೆ 80 ಡಿಗ್ರಿ ಶಾಖ ಬೇಕು. ಕರ್ಪೂರಕ್ಕೆ ಅದಕ್ಕಿಂತ ಎಷ್ಟೋ ಜಾಸ್ತಿ. ಬೇರೆ ಬೇರೆ ಇಟ್ಟಾಗ ಎರಡೂ ದ್ರವ ಆಗದೆ ನೇರ ಆವಿಯಾಗುತ್ತವೆ, ಅದಕ್ಕೇ ಕಲೆ ಬೀಳಲ್ಲ. ಒಂದಕ್ಕೊಂದು ತಾಗಿದಾಗ ಮಾತ್ರ ಎರಡರ ಕರಗುವ ಶಾಖವೂ ಕೆಳಗಿಳಿದು, ನಮ್ಮ ಬೇಸಿಗೆಯ ಸೆಕೆಯಲ್ಲೇ ನೀರಾಗುತ್ತವೆ. ನಂಬಿಕೆ ಬರದಿದ್ರೆ ಒಂದು ಗಾಜಿನ ಬಾಟಲಿಯಲ್ಲಿ ಎರಡನ್ನೂ ಪುಡಿ ಮಾಡಿ ಬೆರೆಸಿ, ಮುಚ್ಚಿ ಬೆಚ್ಚಗಿನ ಜಾಗದಲ್ಲಿಟ್ಟು ನೋಡಿ. ಹಾಗಾಗಿ ಒಂದು ಪೆಟ್ಟಿಗೆಗೆ ಒಂದೇ ಸಾಮಾನು. ಕರ್ಪೂರಕ್ಕೆ ಬದಲಾಯಿಸೋದಾದ್ರೆ ಹಳೇ ಗುಳಿಗೆ ತೆಗೆದು, ಬಟ್ಟೆಗೆ ಗಾಳಿ ಆಡಿಸಿ, ಪೆಟ್ಟಿಗೆ ಒರೆಸಿ, ಆಮೇಲೆ ಇಡಿ.

ಈಗ ಯಾವುದು ಕೆಲಸ ಮಾಡುತ್ತೆ? ಉಣ್ಣೆ, ರೇಷ್ಮೆ ತಿನ್ನೋದು ನುಸಿಯ ಮರಿಹುಳ, ಹಾರೋ ಚಿಟ್ಟೆ ಅಲ್ಲ. ಇಳಕಲ್ ಸೀರೆಯ ಹತ್ತಿ ಒಡಲಿಗೆ ಗಂಜಿ ಹಾಕಿದ್ರೆ ಅದಕ್ಕೆ ಸಿಲ್ವರ್‌ಫಿಶ್ ಬರುತ್ತೆ. ನಾಫ್ತಲೀನ್ ಆವಿ ಹುಳ ಕೊಲ್ಲುತ್ತೆ ನಿಜ, ಆದ್ರೆ ಆವಿ ದಟ್ಟವಾಗಿ ನಿಲ್ಲಬೇಕು, ಅಂದ್ರೆ ಗಾಳಿಯಾಡದ ಪೆಟ್ಟಿಗೆ ಬೇಕು. ದಿನಾ ತೆಗೆದು ಹಾಕೋ ಕಪಾಟಿನಲ್ಲಿ ಹುಳಕ್ಕೆ ಏನೂ ಆಗಲ್ಲ, ವಾಸನೆ ಮಾತ್ರ ಮನೆಯವರ ಮೂಗಿಗೆ. ಕರ್ಪೂರದ್ದೂ ಇದೇ ಕಥೆ, ಶಕ್ತಿ ಇನ್ನೂ ಕಡಿಮೆ. ಎರಡರ ಆವಿಯೂ ಗಾಳಿಗಿಂತ ಭಾರ, ಹಾಗಾಗಿ ಬಟ್ಟೆಗೆ ತಾಗದಂತೆ ಪೊಟ್ಟಣ ಕಟ್ಟಿ ಮೇಲ್ಭಾಗದಲ್ಲಿಡಿ.

ಬೇವಿನ ಎಲೆ ಬಗ್ಗೆ ಬೇಜಾರಾದ್ರೂ ಹೇಳ್ತೀನಿ. ಬೇವಿನ ಮುಖ್ಯ ಸತ್ವ ಆವಿಯಾಗಲ್ಲ, ಹುಳ ಅದನ್ನು ತಿಂದ್ರೆ ಮಾತ್ರ ಪರಿಣಾಮ. ಪಕ್ಕದಲ್ಲಿಟ್ಟ ಒಣ ಎಲೆ ಸ್ವಲ್ಪ ವಾಸನೆಯಿಂದ ದೂರ ಇಡಬಹುದು, ಒಳಗಿರೋ ಮೊಟ್ಟೆಯನ್ನು ಸಾಯಿಸಲ್ಲ. ಹಸಿ ಎಲೆ ಇಟ್ರಂತೂ ಕಲೆ, ಬೂಷ್ಟು ಎರಡೂ ಗ್ಯಾರಂಟಿ. ಗರಿಗರಿಯಾಗಿ ಒಣಗಿಸಿ, ತೆಳು ಬಟ್ಟೆಯಲ್ಲಿ ಕಟ್ಟಿ, ವಾಸನೆ ಹೋದಾಗ ಬದಲಾಯಿಸಿ. ಅದರ ದೊಡ್ಡ ಗುಣ ಅಂದ್ರೆ ಬಟ್ಟೆಗೆ ಹಠಮಾರಿ ವಾಸನೆ ಹಿಡಿಸಲ್ಲ.

ನಾಫ್ತಲೀನ್ ವಾಸನೆ ಒಗೆದ್ರೆ ಯಾಕೆ ಹೋಗಲ್ಲ? ಅದು ನೀರಲ್ಲಿ ಕರಗಲ್ಲ, ಎಳೆಯೊಳಗೆ ಕೂತಿರುತ್ತೆ. ಸೆಂಟು ಹೊಡೆದ್ರೆ ಎರಡು ವಾಸನೆ ಆಗುತ್ತೆ, ಅಷ್ಟೇ. ಬೇಕಾಗಿರೋದು ಗಾಳಿ. ಮಡಿಕೆ ಬಿಡಿಸಿ, ನೆರಳಲ್ಲಿ ತೂಗುಹಾಕಿ, ಫ್ಯಾನ್ ಹಾಕಿ, ಕಿಟಕಿ ತೆಗೆದಿಡಿ. ಮೂರ್ನಾಲ್ಕು ದಿನ ಬೇಕಾಗಬಹುದು. ರೇಷ್ಮೆಯನ್ನು ಬಿಸಿಲಿಗೆ ಹಾಕಬೇಡಿ, ಬಣ್ಣ ಹೋಗುತ್ತೆ. ಮಡಿಕೆಯ ಒಳಭಾಗ ಮೂಸಿ ನೋಡಿ, ಅಲ್ಲಿ ವಾಸನೆ ಇಲ್ಲ ಅಂದ್ರೆ ಕೆಲಸ ಮುಗೀತು. ನಮ್ಮ ಊರಿನ ಮಳೆಗಾಲದಲ್ಲಿ ಈ ಕೆಲಸ ಕಷ್ಟ, ಅಕ್ಟೋಬರ್ ಕಳೆದ ಮೇಲೆ ಇಟ್ಟುಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬೇಡ. ನುಸಿಗುಳಿಗೆ ಜೊತೆ ಇಟ್ಟಿದ್ದ ಹಳೇ ಕುಲಾವಿ, ಕಂಬಳಿ, ಮೆತ್ತನೆ ಸೀರೆಯನ್ನು ನೇರವಾಗಿ ಹಸುಗೂಸಿಗೆ ಹೊದಿಸಬೇಡಿ. ಜಿ-ಸಿಕ್ಸ್-ಪಿಡಿ ಅನ್ನೋ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರೋ ಮಕ್ಕಳಿಗೆ ಆ ಆವಿಯಿಂದಲೇ ರಕ್ತಕಣ ಒಡೆದು ಕಾಮಾಲೆ ಏರುತ್ತೆ. ಯಾವ ಮಗುವಿಗೆ ಕಡಿಮೆ ಇದೆ ಅಂತ ನೋಡಿದ್ರೆ ಗೊತ್ತಾಗಲ್ಲ. ಯುರೋಪಿನ ಒಕ್ಕೂಟದಲ್ಲಿ 2008ರಿಂದ ಈ ಗುಳಿಗೆ ಮಾರೋ ಹಾಗೇ ಇಲ್ಲ. ಹಾಗಂತ ಕರ್ಪೂರ ನಿರಪಾಯ ಅಂದುಕೊಳ್ಳಬೇಡಿ. ಮಗು ಬಾಯಿಗೆ ಹಾಕಿಕೊಂಡ್ರೆ ಫಿಟ್ಸ್ ಬರುತ್ತೆ. ಎರಡನ್ನೂ ಕೈಗೆ ಎಟುಕದ ಕಡೆ ಇಡಿ.

ನಾನು ಮಾಡೋದು ಇಷ್ಟು: ಉಟ್ಟ ಸೀರೆಯನ್ನು ಬೆವರು, ಊಟದ ಕಲೆ ಇರುವಾಗ ಒಳಗಿಡಲ್ಲ, ಹುಳ ಮೊದಲು ಹುಡುಕೋದೇ ಅದನ್ನ. ಗಂಜಿ ತೆಗೆದು, ಪೂರ್ತಿ ಒಣಗಿಸಿ, ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡ್ತೀನಿ. ಶಾಲಿಗೆ ಹುಳ ಬಿದ್ದಿದೆ ಅನ್ನಿಸಿದ್ರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ ಎರಡು ವಾರ ಫ್ರೀಜರಿನಲ್ಲಿ, ಮೈನಸ್ 18 ಡಿಗ್ರಿಯಲ್ಲಿ ಇಡ್ತೀನಿ. ಹೊರಗೆ ತೆಗೆದ ಮೇಲೆ ತಣ್ಣಗಿರೋದು ಪೂರ್ತಿ ಹೋಗೋ ತನಕ ಚೀಲ ಬಿಚ್ಚಬಾರದು, ಇಲ್ಲಾಂದ್ರೆ ಬಟ್ಟೆ ಮೇಲೆ ನೀರು ಕೂರುತ್ತೆ. ಮೊಟ್ಟೆ ಸಮೇತ ಸಾಯುತ್ತೆ, ವಾಸನೆಯೂ ಇಲ್ಲ.

ನಿಮ್ಮ ಟ್ರಂಕಿನಲ್ಲಿ ಈಗ ಎರಡೂ ಒಟ್ಟಿಗಿದ್ರೆ ಇವತ್ತೇ ಒಂದನ್ನು ಹೊರಗೆ ತೆಗೀರಿ.